ನೂರೈವತ್ತು ಎಎಚ್ ಬ್ಯಾಟರಿಗೆ ಮೂರು ಬೆಲೆ ಏಕೆ: ಸಾಮರ್ಥ್ಯ, ವಾರಂಟಿ ಮತ್ತು ನಿಜವಾದ ಬಾಳಿಕೆ

ಇನ್ವರ್ಟರ್ ಬ್ಯಾಟರಿ ಮಾರುವ ಅಂಗಡಿಗೆ ಹೋಗಿ 150 ಆಂಪಿಯರ್-ಅವರ್, ಅಂದರೆ ಎಎಚ್, ಸಾಮರ್ಥ್ಯದ ಟ್ಯೂಬ್ಯುಲರ್ ಬ್ಯಾಟರಿಯ ಬೆಲೆ ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ, ನೋಡಲು ಒಂದೇ ಎತ್ತರದ ಮೂರು ಬ್ಯಾಟರಿಗಳು ಸುಮಾರು ಹದಿಮೂರು ಸಾವಿರದಿಂದ ಹದಿನೆಂಟು ಸಾವಿರ ರೂಪಾಯಿಗಳ ನಡುವೆ ಬೇರೆ ಬೇರೆ ಬೆಲೆಗೆ ನಿಂತಿರುತ್ತವೆ. ಬೆಲೆಯ ವ್ಯತ್ಯಾಸಕ್ಕೆ ಅಂಗಡಿಯವರು ಕೊಡುವ ಕಾರಣ ವಾರಂಟಿ. ಆ ಕಾರಣ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಹೆಚ್ಚಿನ ಬೆಲೆ ಕೊಟ್ಟು ಪಡೆದ ವಾರಂಟಿ ಕೆಲವು ಮನೆಗಳಿಗೆ ನಿಜವಾದ ಉಳಿತಾಯವಾದರೆ, ಇನ್ನು ಕೆಲವು ಮನೆಗಳಲ್ಲಿ ಅದನ್ನು ಬಳಸಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಯಾವ ಮನೆಗೆ ಯಾವುದು ಎಂಬುದನ್ನು ನಿರ್ಧರಿಸುವುದು ಆ ಮನೆಯಲ್ಲಿ ಬ್ಯಾಟರಿ ಯಾವ ಕಾರಣಕ್ಕೆ, ಎಷ್ಟನೆಯ ವರ್ಷದಲ್ಲಿ ಕೆಡುತ್ತದೆ ಎಂಬ ಸಂಗತಿ.

ಬೆಲೆಗಳನ್ನು ಹೋಲಿಸುವ ಮೊದಲು ಎರಡು ವಿಷಯಗಳನ್ನು ಸರಿಪಡಿಸಿಕೊಳ್ಳಬೇಕು. ಟ್ಯೂಬ್ಯುಲರ್ ಸೇರಿದಂತೆ ಸೀಸ-ಆಮ್ಲ ಬ್ಯಾಟರಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಿಂದೆ ತೆರಿಗೆ ಸೇರಿ 16,000 ರೂಪಾಯಿ ಇದ್ದ ಬ್ಯಾಟರಿ, ತೆರಿಗೆಯ ಇಳಿಕೆ ಪೂರ್ತಿಯಾಗಿ ಗ್ರಾಹಕರಿಗೆ ತಲುಪಿದರೆ, 14,750 ರೂಪಾಯಿ ಆಗಬೇಕು. ಆದ್ದರಿಂದ ಅದಕ್ಕಿಂತ ಹಿಂದೆ ನೆಂಟರು ಕೊಂಡ ಬೆಲೆಯನ್ನೋ ಹಳೆಯ ಪಟ್ಟಿಯನ್ನೋ ಮುಂದಿಟ್ಟುಕೊಂಡು ಈಗಿನ ಬೆಲೆಯನ್ನು ಅಳೆಯುವುದು ಸರಿಯಾಗದು. ಎರಡನೆಯದು ಹಳೆಯ ಬ್ಯಾಟರಿಯ ವಿನಿಮಯ. ಹಾಳಾದ ಬ್ಯಾಟರಿಯಲ್ಲೂ ಸೀಸ ಹಾಗೆಯೇ ಇರುತ್ತದೆ, ಅದಕ್ಕೆ ಸಾವಿರಾರು ರೂಪಾಯಿ ಬೆಲೆಯಿದೆ. ಒಂದು ಅಂಗಡಿ ಹಳೆಯದನ್ನು ಕಳೆದು ಬೆಲೆ ಹೇಳುತ್ತದೆ, ಇನ್ನೊಂದು ಕಳೆಯದೆ ಹೇಳುತ್ತದೆ. ಹಳೆಯ ಬ್ಯಾಟರಿ ಕೊಡದಿದ್ದರೆ ಹೊಸದಕ್ಕೆ ಎಷ್ಟು, ಹಳೆಯದಕ್ಕೆ ಎಷ್ಟು ಎಂದು ಎರಡನ್ನೂ ಬಿಡಿಸಿ ಕೇಳಿದಾಗ ಮಾತ್ರ ಹೋಲಿಕೆ ಸಾಧ್ಯ.

ಇನ್ನು ಸಾಮರ್ಥ್ಯ. ಲೇಬಲ್ ಮೇಲೆ 150 ಎಎಚ್ ಎಂದಿರುವುದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿ20 ಅಥವಾ ಸಿ10 ಎಂದಿರುತ್ತದೆ. ಸಿ20 ಎಂದರೆ ಆ ಬ್ಯಾಟರಿಯಿಂದ ಇಪ್ಪತ್ತು ಗಂಟೆಗಳ ಕಾಲ 7.5 ಆಂಪಿಯರ್‌ನಂತೆ ನಿಧಾನವಾಗಿ ಎಳೆದರೆ ಒಟ್ಟು 150 ಎಎಚ್ ಸಿಗುತ್ತದೆ ಎಂದರ್ಥ. ಸಿ10 ಎಂದಿದ್ದರೆ ಹತ್ತೇ ಗಂಟೆಗಳಲ್ಲಿ, 15 ಆಂಪಿಯರ್‌ನಂತೆ, ಅಷ್ಟೇ ಮೊತ್ತ ಸಿಗಬೇಕು. ಸೀಸ-ಆಮ್ಲ ಬ್ಯಾಟರಿಯಿಂದ ವೇಗವಾಗಿ ಎಳೆದಷ್ಟೂ ಸಿಗುವ ಒಟ್ಟು ಮೊತ್ತ ಕಡಿಮೆಯಾಗುವುದರಿಂದ, 150 ಎಎಚ್ ಸಿ10 ಬ್ಯಾಟರಿಯು 150 ಎಎಚ್ ಸಿ20 ಬ್ಯಾಟರಿಗಿಂತ ವಾಸ್ತವದಲ್ಲಿ ದೊಡ್ಡದು. ಸೌರ ಬಳಕೆಗೆಂದು ಮಾರುವ ಬ್ಯಾಟರಿಗಳಿಗೆ ಸಾಮಾನ್ಯವಾಗಿ ಸಿ10 ಅಳತೆಯೇ ಇರುತ್ತದೆ. ಅವು ತುಸು ದುಬಾರಿಯಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಸಾಧಾರಣ ಮನೆಯೊಂದರ ಲೆಕ್ಕ ನೋಡೋಣ. ಎರಡು ಹಳೆಯ ಮಾದರಿಯ ಫ್ಯಾನು, ಆರು ಎಲ್‌ಇಡಿ ದೀಪ, ಒಂದು ಟಿವಿ ಮತ್ತು ವೈಫೈ ಪೆಟ್ಟಿಗೆ ಸೇರಿದರೆ ಸುಮಾರು 270 ವಾಟ್ ಆಗುತ್ತದೆ. ಇನ್ವರ್ಟರ್ ತಾನೇ ಒಂದಿಷ್ಟು ನುಂಗುವುದರಿಂದ ಬ್ಯಾಟರಿಯಿಂದ ಹೊರಡುವುದು 330 ವಾಟ್, ಅಂದರೆ 12 ವೋಲ್ಟ್‌ನಲ್ಲಿ ಸುಮಾರು 27 ಆಂಪಿಯರ್. ಇದು ಲೇಬಲ್‌ನವರು ಅಳೆದ 7.5 ಆಂಪಿಯರ್‌ನ ಮೂರೂವರೆ ಪಟ್ಟು. ಈ ವೇಗದಲ್ಲಿ 150 ಎಎಚ್ ಬ್ಯಾಟರಿ ಕೊಡುವುದು ಸುಮಾರು 105 ರಿಂದ 110 ಎಎಚ್ ಮಾತ್ರ. ಹೀಗಾಗಿ ಹೊಸ ಬ್ಯಾಟರಿಯಲ್ಲೂ ಈ ಮನೆ ನಾಲ್ಕು ಗಂಟೆಯ ಹತ್ತಿರ ನಡೆಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಈ ನಾಲ್ಕು ಗಂಟೆ ಎಂಬ ಅಂಕಿಯನ್ನು ನೆನಪಿಡಬೇಕು, ಮುಂದೆ ಬಾಳಿಕೆಯ ಮಾತು ಬಂದಾಗ ಅದೇ ಅಳತೆಗೋಲಾಗುತ್ತದೆ.

ಈಗ ವಾರಂಟಿಯ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಬ್ಯಾಟರಿಯ ಮೇಲೆ ದಪ್ಪ ಅಕ್ಷರದಲ್ಲಿ 60 ತಿಂಗಳು ಎಂದಿದ್ದರೆ ಅದರಲ್ಲಿ ಎರಡು ಭಾಗಗಳಿರಬಹುದು. ಮೊದಲ ಭಾಗದಲ್ಲಿ ಬ್ಯಾಟರಿ ಕೆಟ್ಟರೆ ಹಣ ಪಡೆಯದೆ ಬೇರೆ ಬ್ಯಾಟರಿ ಕೊಡುತ್ತಾರೆ. ಎರಡನೆಯ ಭಾಗದ ಹೆಸರು ಪ್ರೊ-ರೇಟಾ. ಆಗ ಉಚಿತವಾಗಿ ಏನೂ ಸಿಗುವುದಿಲ್ಲ, ಹೊಸ ಬ್ಯಾಟರಿಯನ್ನು ಕೊಳ್ಳುವಾಗ ಶೇಕಡಾವಾರು ರಿಯಾಯಿತಿ ಸಿಗುತ್ತದೆ, ತಿಂಗಳು ಕಳೆದಂತೆ ಆ ಶೇಕಡಾವಾರೂ ಇಳಿಯುತ್ತದೆ. ಕಾರ್ಡಿನಲ್ಲಿ ಇದನ್ನು 36+24 ಎಂದು ಬರೆದಿರುತ್ತಾರೆ. ಇನ್ನೊಂದು ಬ್ಯಾಟರಿಯ 60 ತಿಂಗಳು ಪೂರ್ತಿಯಾಗಿ ಉಚಿತ ಬದಲಾವಣೆಯದ್ದಾಗಿರಬಹುದು. ಹೊರಗಿನ ಲೇಬಲ್‌ನಲ್ಲಿ ಎರಡೂ 60 ತಿಂಗಳೇ.

ಪ್ರೊ-ರೇಟಾ ಭಾಗದ ನಿಜವಾದ ಬೆಲೆ ಎಷ್ಟೆಂದು ತಿಳಿಯಲು ಒಂದು ಲೆಕ್ಕ ಸಾಕು. ಕೆಳಗಿನ ಅಂಕಿಗಳು ಮಾರುಕಟ್ಟೆಗೆ ಹತ್ತಿರವಿರುವಂತೆ ಇಟ್ಟುಕೊಂಡ ಊಹೆಗಳು. ಓದುಗರು ತಮಗೆ ಅಂಗಡಿಯಲ್ಲಿ ಸಿಕ್ಕ ಅಂಕಿಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಬಹುದು. ಬ್ಯಾಟರಿಯ ಮೇಲೆ ಮುದ್ರಿತವಾದ ಎಂಆರ್‌ಪಿ 23,000 ರೂಪಾಯಿ, ಅಂಗಡಿಯಲ್ಲಿ ಅದು ಮಾರಾಟವಾಗುವುದು 15,500ಕ್ಕೆ ಎಂದುಕೊಳ್ಳೋಣ. 36+24 ವಾರಂಟಿಯ ಈ ಬ್ಯಾಟರಿ 42ನೆಯ ತಿಂಗಳಲ್ಲಿ ಕೆಟ್ಟಿತು, ಕಾರ್ಡಿನ ಪ್ರಕಾರ ಆಗ ಶೇ 35ರಷ್ಟು ರಿಯಾಯಿತಿ. ಈ ರಿಯಾಯಿತಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು ಎಂಆರ್‌ಪಿಯ ಮೇಲೆ. 23,000ದಲ್ಲಿ ಶೇ 35 ಎಂದರೆ 8,050. ಗ್ರಾಹಕ ಕೊಡಬೇಕಾದದ್ದು 14,950 ರೂಪಾಯಿ, ಜೊತೆಗೆ ಕೆಟ್ಟ ಬ್ಯಾಟರಿಯನ್ನು ಕಂಪನಿಗೆ ಒಪ್ಪಿಸಬೇಕು. ಅದೇ ಗ್ರಾಹಕ ವಾರಂಟಿಯ ಗೊಡವೆಗೆ ಹೋಗದೆ, ಹಳೆಯ ಬ್ಯಾಟರಿಯನ್ನು 4,500 ರೂಪಾಯಿಗೆ ವಿನಿಮಯಕ್ಕೆ ಹಾಕಿ ಅದೇ ಮಾದರಿಯ ಹೊಸದನ್ನು ಅಂಗಡಿ ಬೆಲೆಗೆ ಕೊಂಡಿದ್ದರೆ 11,000ಕ್ಕೆ ಮುಗಿಯುತ್ತಿತ್ತು. ಅಂದರೆ ಪ್ರೊ-ರೇಟಾ ಎಂಬ ಸೌಲಭ್ಯವನ್ನು ಬಳಸಿಕೊಂಡವನೇ ಸುಮಾರು ನಾಲ್ಕು ಸಾವಿರ ಹೆಚ್ಚು ತೆತ್ತಂತಾಯಿತು. ರಿಯಾಯಿತಿಯ ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಆದರೆ ಎಂಆರ್‌ಪಿಗೂ ಅಂಗಡಿ ಬೆಲೆಗೂ ಇಷ್ಟು ಅಂತರ ಇರುವವರೆಗೆ, ಬೆಲೆ ಹೋಲಿಸುವಾಗ ಪ್ರೊ-ರೇಟಾ ತಿಂಗಳುಗಳನ್ನು ಸೊನ್ನೆಯೆಂದೇ ಎಣಿಸುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಹಾಗೆ ಎಣಿಸಿದರೆ ಮೂರು ಬೆಲೆಗಳ ಚಿತ್ರ ಬದಲಾಗುತ್ತದೆ. 24+12 ವಾರಂಟಿಯ ಬ್ಯಾಟರಿಗೆ 13,500, 36+24ರದ್ದಕ್ಕೆ 15,500, ಪೂರ್ತಿ 60 ತಿಂಗಳು ಉಚಿತ ಬದಲಾವಣೆಯದ್ದಕ್ಕೆ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಉಚಿತ ಬದಲಾವಣೆಯ ತಿಂಗಳುಗಳಿಂದ ಭಾಗಿಸಿದರೆ ಮೊದಲನೆಯದಕ್ಕೆ ತಿಂಗಳಿಗೆ ಸುಮಾರು 560, ಎರಡನೆಯದಕ್ಕೆ 430, ಮೂರನೆಯದಕ್ಕೆ 300 ರೂಪಾಯಿ. ಎಲ್ಲಕ್ಕಿಂತ ದುಬಾರಿಯಾಗಿ ಕಂಡದ್ದೇ ಅಗ್ಗ. ಕಂಪನಿಯವರು ಇದನ್ನು ಸುಮ್ಮನೆ ಕೊಡುವುದಿಲ್ಲ. ಹೆಚ್ಚು ವಾರಂಟಿಯ ಮಾದರಿಯಲ್ಲಿ ಸಾಮಾನ್ಯವಾಗಿ ಸೀಸ ಹೆಚ್ಚಿರುತ್ತದೆ, ಪ್ಲೇಟುಗಳು ದಪ್ಪವಿರುತ್ತವೆ. ಗ್ರಾಹಕರಿಗೆ ಇದನ್ನು ಪರೀಕ್ಷಿಸುವ ಸುಲಭ ದಾರಿ ತೂಕ. 150 ಎಎಚ್ ಟಾಲ್ ಟ್ಯೂಬ್ಯುಲರ್ ಬ್ಯಾಟರಿ ಆಮ್ಲ ತುಂಬಿದಾಗ ಐವತ್ತರಿಂದ ಅರವತ್ತು ಕಿಲೋ ತೂಗುತ್ತದೆ. ಒಂದೇ ಕಂಪನಿಯ ಎರಡು ಮಾದರಿಗಳ ತೂಕದಲ್ಲಿ ಕೆಲವು ಕಿಲೋಗಳ ಅಂತರವಿದ್ದರೆ ಹೆಚ್ಚಿನ ಬೆಲೆಯಲ್ಲಿ ಒಂದು ಪಾಲು ಸೀಸಕ್ಕೆ ಹೋಗಿದೆ ಎನ್ನಬಹುದು. ತೂಕ ಒಂದೇ ಆಗಿದ್ದರೆ ನೀವು ಕೊಡುತ್ತಿರುವುದು ಬಹುಪಾಲು ವಿಮೆಯ ಕಂತು.

ಆ ವಿಮೆ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಬ್ಯಾಟರಿ ಹೇಗೆ ಕೆಡುತ್ತದೆ ಎಂಬುದನ್ನು ತಿಳಿಯದೆ ಉತ್ತರಿಸಲಾಗದು. ಬೆಂಗಳೂರಿನ ಒಂದು ಫ್ಲಾಟನ್ನೂ ತೀರ್ಥಹಳ್ಳಿ ಕಡೆಯ ಒಂದು ಮನೆಯನ್ನೂ ಊಹಿಸಿಕೊಳ್ಳೋಣ, ಎರಡರಲ್ಲೂ ಅದೇ 270 ವಾಟ್ ಬಳಕೆ. ಫ್ಲಾಟಿನಲ್ಲಿ ತಿಂಗಳಿಗೆ ಕೆಲವು ಸಲ, ಅರ್ಧ ಗಂಟೆಯೋ ಒಂದು ಗಂಟೆಯೋ ಕರೆಂಟ್ ಹೋಗುತ್ತದೆ. ಅಲ್ಲಿನ ಬ್ಯಾಟರಿ ವರ್ಷದಲ್ಲಿ ನೂರು ಸಲವೂ ಖಾಲಿಯಾಗುವುದಿಲ್ಲ, ಖಾಲಿಯಾದರೂ ಕಾಲುಭಾಗ ಮಾತ್ರ. ಟ್ಯೂಬ್ಯುಲರ್ ಬ್ಯಾಟರಿಗಳು ಐದರಲ್ಲಿ ನಾಲ್ಕು ಭಾಗ ಖಾಲಿಯಾಗಿ ತುಂಬುವುದನ್ನು ಸಾವಿರಕ್ಕೂ ಹೆಚ್ಚು ಸಲ ತಾಳುತ್ತವೆ ಎಂದು ತಯಾರಕರು ಹೇಳಿಕೊಳ್ಳುತ್ತಾರೆ. ಈ ಫ್ಲಾಟು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಅಲ್ಲಿ ಬ್ಯಾಟರಿಯನ್ನು ಕೊಲ್ಲುವುದು ವಯಸ್ಸು: ಹಗಲೂ ರಾತ್ರಿ ಚಾರ್ಜಿನಲ್ಲಿಯೇ ನಿಂತು ಧನ ಪ್ಲೇಟಿನ ಸೀಸದ ಕಡ್ಡಿಗಳು ನಿಧಾನವಾಗಿ ತುಕ್ಕು ಹಿಡಿಯುತ್ತವೆ. ಮುಚ್ಚಿದ ಬೀರುವಿನಲ್ಲಿ ಇಟ್ಟು ಬಿಸಿಯಾದರೆ ಅದು ಬೇಗ ಆಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಹತ್ತಿರವಾಗುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಸ್ಥೂಲ ನಿಯಮ. ಇನ್ನೊಂದು ಕಾರಣ, ನೀರು ಹಾಕುವುದನ್ನು ಮರೆತು ಪ್ಲೇಟುಗಳ ಮೇಲ್ತುದಿ ಒಣಗುವುದು. ಗಾಳಿಯಾಡುವ ಜಾಗದಲ್ಲಿಟ್ಟು, ಡಿಸ್ಟಿಲ್ಡ್ ನೀರನ್ನು ಹೊತ್ತಿಗೆ ಸರಿಯಾಗಿ ಹಾಕಿದರೆ ಇಂಥ ಮನೆಯಲ್ಲಿ ಮಧ್ಯಮ ಬೆಲೆಯ ಬ್ಯಾಟರಿಯೂ ಐದಾರು ವರ್ಷ ನಡೆಯುವುದು ಸಾಮಾನ್ಯ. 15,500 ರೂಪಾಯಿಯನ್ನು ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,600ರ ಆಸುಪಾಸು. 60 ತಿಂಗಳ ಉಚಿತ ಬದಲಾವಣೆ ಮುಗಿದ ಮೇಲೆಯೇ ಬ್ಯಾಟರಿ ಕೆಡುವುದಾದರೆ ಅದಕ್ಕೆಂದು ಕೊಟ್ಟ ಹೆಚ್ಚುವರಿ 2,500 ಮರಳಿ ಬರುವುದಿಲ್ಲ.

ತೀರ್ಥಹಳ್ಳಿ ಕಡೆಯ ಮನೆಯ ಸ್ಥಿತಿ ಬೇರೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಗಂಟೆ ಕರೆಂಟ್ ಇಲ್ಲದಿದ್ದರೆ ದಿನವೂ ಬ್ಯಾಟರಿಯ ಅರ್ಧ ಖಾಲಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಮಳೆಗಾಲ. ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಎರಡು ಮೂರು ದಿನ ಕರೆಂಟ್ ಬಾರದಿರುವುದು ಮಲೆನಾಡಿನಲ್ಲಿ ಹೊಸತೇನಲ್ಲ. ಮೊದಲ ಸಂಜೆಯೇ ಬ್ಯಾಟರಿ ಪೂರ್ತಿ ಖಾಲಿಯಾಗಿ, 10.5 ವೋಲ್ಟ್‌ನ ಹತ್ತಿರ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಮುಂದಿನ ಎರಡು ದಿನ ಬ್ಯಾಟರಿ ಖಾಲಿಯಾಗಿಯೇ ಕುಳಿತಿರುತ್ತದೆ. ಖಾಲಿ ಬ್ಯಾಟರಿಯ ಪ್ಲೇಟುಗಳ ಮೇಲೆ ಕುಳಿತ ಸೀಸದ ಸಲ್ಫೇಟು ಬೇಗ ಚಾರ್ಜ್ ಸಿಕ್ಕರೆ ಕರಗಿ ಹೋಗುತ್ತದೆ, ಹಾಗೆಯೇ ಬಿಟ್ಟರೆ ಗಟ್ಟಿ ಹರಳಾಗಿ ಪ್ಲೇಟಿನ ಆ ಭಾಗವನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕರೆಂಟ್ ಬಂದ ಮೇಲೂ ಮತ್ತೆ ಮತ್ತೆ ಹೋಗುತ್ತಿದ್ದರೆ ಪೂರ್ತಿ ಚಾರ್ಜ್ ಆಗುವ ಅವಕಾಶವೇ ಸಿಗುವುದಿಲ್ಲ. ಹೀಗಿರುವ ಮನೆಯಲ್ಲಿ ಬ್ಯಾಟರಿಯ ಬಾಳಿಕೆ ಮೂರರಿಂದ ನಾಲ್ಕು ವರ್ಷ ಎಂದು ಹಿಡಿಯುವುದು ವಾಸ್ತವಕ್ಕೆ ಹತ್ತಿರ. 36+24ರ ಬ್ಯಾಟರಿ ಮೂರೂವರೆ ವರ್ಷಕ್ಕೆ ಕೆಟ್ಟರೆ ಉಚಿತ ಅವಧಿ ಮುಗಿದು ಆರು ತಿಂಗಳಾಗಿರುತ್ತದೆ, ವರ್ಷದ ಖರ್ಚು 4,400 ದಾಟುತ್ತದೆ. 60 ತಿಂಗಳ ಉಚಿತ ಬದಲಾವಣೆಯದ್ದಾದರೆ ಅದೇ ಮೂರೂವರೆ ವರ್ಷಕ್ಕೆ ಬೇರೆ ಬ್ಯಾಟರಿ ಬರುತ್ತದೆ. ಐದು ವರ್ಷಕ್ಕೇ ಮುಗಿಯಿತೆಂದರೂ ವರ್ಷಕ್ಕೆ 3,600. ಬದಲಿಗೆ ಬಂದ ಬ್ಯಾಟರಿಗೆ ಹೊಸ ವಾರಂಟಿ ಸಿಗುವುದಿಲ್ಲ, ಮೊದಲನೆಯದರ ಉಳಿದ ತಿಂಗಳುಗಳಷ್ಟೇ ಅದಕ್ಕೆ ಸಲ್ಲುತ್ತವೆ. ಆದರೂ ಅದು ಐದು ವರ್ಷದ ಆಚೆಗೂ ಒಂದಿಷ್ಟು ಕಾಲ ನಡೆಯುವುದರಿಂದ ನಿಜವಾದ ಖರ್ಚು ಇನ್ನೂ ಕಡಿಮೆ. ಇಂಥ ಮನೆಯವರು ಮೊದಲ ಎರಡು ಸಾವಿರ ಉಳಿಸಲು ಕಡಿಮೆ ವಾರಂಟಿಯದನ್ನು ಒಯ್ಯುವುದನ್ನು ಕಂಡಾಗ ಬೇಸರವಾಗುತ್ತದೆ.

ಈ ಲೆಕ್ಕವೆಲ್ಲ ನಿಲ್ಲುವುದು, ಬ್ಯಾಟರಿ ಕೆಟ್ಟಿದೆ ಎಂದು ಕಂಪನಿ ಒಪ್ಪಿದರೆ ಮಾತ್ರ. ವಾರಂಟಿ ಕಾರ್ಡು ಭರವಸೆ ಕೊಡುವುದು ತಯಾರಿಕೆಯ ದೋಷಕ್ಕೆ, ಬಳಕೆಯಿಂದ ಸವೆದದ್ದಕ್ಕಲ್ಲ. ದೂರು ಕೊಟ್ಟಾಗ ಅವರು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಆರು ಸೆಲ್‌ಗಳ ಆಮ್ಲದ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಒಂದೊಂದಾಗಿ ಅಳೆಯುತ್ತಾರೆ. ಚಾರ್ಜ್ ಆದ ಒಳ್ಳೆಯ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಪ್ರತಿ ಸೆಲ್ಲೂ 1240ರ ಆಸುಪಾಸು ತೋರಿಸುತ್ತದೆ. ಐದು ಸೆಲ್‌ಗಳು 1230 ತೋರಿಸಿ ಆರನೆಯದು 1150ರಲ್ಲೇ ನಿಂತರೆ ಆ ಸೆಲ್ ಕೆಟ್ಟಿದೆ ಎಂಬುದು ಸ್ಪಷ್ಟ, ಬ್ಯಾಟರಿ ಬದಲಾಗುತ್ತದೆ. ಆರೂ ಸೆಲ್‌ಗಳು ಒಂದೇ ರೀತಿ 1180 ತೋರಿಸಿದರೆ ಚಾರ್ಜ್ ಸಾಲದು ಎಂದು ಹೇಳಿ ಮತ್ತೆ ಚಾರ್ಜ್ ಮಾಡಿ ಮರಳಿಸುವುದೇ ಹೆಚ್ಚು. ನಾಲ್ಕು ಗಂಟೆ ಬರುತ್ತಿದ್ದ ಬ್ಯಾಕಪ್ ಎರಡು ಗಂಟೆಗೆ ಇಳಿದಿದ್ದರೂ ಸೆಲ್‌ಗಳು ಸಮವಾಗಿ ಸವೆದಿದ್ದರೆ ವಾದ ಕಷ್ಟವಾಗುತ್ತದೆ. ಅದಕ್ಕಾಗಿಯೇ, ಹೊಸ ಬ್ಯಾಟರಿ ಬಂದ ಮೊದಲ ತಿಂಗಳಲ್ಲೊಮ್ಮೆ ಗೊತ್ತಿರುವ ಬಳಕೆಯಲ್ಲಿ ಎಷ್ಟು ಹೊತ್ತು ನಡೆಯಿತೆಂದು ಬರೆದಿಟ್ಟು, ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಮಾಡಿ ನೋಡಬೇಕು. ಉಚಿತ ಅವಧಿ ಮುಗಿಯುವ ಮೂರು ನಾಲ್ಕು ತಿಂಗಳ ಮೊದಲು ಮಾಡುವ ಪರೀಕ್ಷೆಯಂತೂ ತಪ್ಪಲೇಬಾರದು. ದುರ್ಬಲವಾದ ಸೆಲ್ ಇದ್ದರೆ ಆಗಲೇ ದೂರು ದಾಖಲಾಗಬೇಕು. ನಲ್ಲಿಯ ನೀರು ಹಾಕಿದ್ದು, ಆಮ್ಲ ಸೇರಿಸಿದ್ದು, ಪೆಟ್ಟಿಗೆ ಬಿರುಕು ಬಿಟ್ಟಿದ್ದು, ಟರ್ಮಿನಲ್ ಸುಟ್ಟಿದ್ದು ಕಂಡರೆ ವಾರಂಟಿ ತಿರಸ್ಕೃತವಾಗುತ್ತದೆ. ಮಾರಾಟದ ದಿನಾಂಕವಿರುವ ಬಿಲ್ ಇಲ್ಲದಿದ್ದರೆ ತಿಂಗಳುಗಳನ್ನು ತಯಾರಿಕೆಯ ದಿನಾಂಕದಿಂದಲೇ ಎಣಿಸುವ ಸಾಧ್ಯತೆಯೂ ಇದೆ.

ಹೆಚ್ಚು ಬಾಳಿಕೆಗೆ ಅಂಗಡಿಯಲ್ಲಿ ಸಿಗುವ ಇನ್ನೊಂದು ಸಲಹೆ ದೊಡ್ಡ ಬ್ಯಾಟರಿ. 150ರ ಬದಲು 220 ಎಎಚ್ ಹಾಕಿದರೆ ಅದೇ ಎರಡು ಗಂಟೆಗೆ ಅರ್ಧದ ಬದಲು ಮೂರನೇ ಒಂದು ಭಾಗ ಮಾತ್ರ ಖಾಲಿಯಾಗುತ್ತದೆ, ಪ್ಲೇಟುಗಳ ಸವೆತ ಕಡಿಮೆಯಾಗುತ್ತದೆ, ಪ್ರತಿ ಎಎಚ್‌ಗೆ ಬೀಳುವ ಬೆಲೆಯೂ ಹಲವು ಸಲ ತುಸು ಇಳಿಯುತ್ತದೆ. ಮಾತು ಸರಿ, ಆದರೆ ಒಂದು ಷರತ್ತಿನ ಮೇಲೆ. ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಚಾರ್ಜಿಂಗ್ ಆಂಪಿಯರ್ ಬೇಕು: 150ಕ್ಕೆ 15, 220ಕ್ಕೆ 22. ಮನೆಗಳಲ್ಲಿರುವ ಸಣ್ಣ ಇನ್ವರ್ಟರ್‌ಗಳಲ್ಲಿ ಹಲವು ಹತ್ತರಿಂದ ಹದಿನೈದು ಆಂಪಿಯರ್‌ಗಿಂತ ಹೆಚ್ಚು ಕೊಡುವುದಿಲ್ಲ. ಹನ್ನೆರಡು ಆಂಪಿಯರ್ ಕೊಡುವ ಇನ್ವರ್ಟರ್, ಖಾಲಿಯಾದ 220 ಎಎಚ್ ಬ್ಯಾಟರಿಯನ್ನು ತುಂಬಲು ಇಪ್ಪತ್ತು ಗಂಟೆಗೂ ಹೆಚ್ಚು ಕಾಲ ತಡೆಯಿಲ್ಲದ ಕರೆಂಟ್ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಅದು ಸಿಗದೆ, ದೊಡ್ಡ ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿದ್ದು ಸಲ್ಫೇಟು ಕಟ್ಟಿಕೊಂಡು ಚಿಕ್ಕದಕ್ಕಿಂತ ಬೇಗ ಕೆಡಬಹುದು. ಇನ್ವರ್ಟರಿನ ಹಿಂಬದಿಯಲ್ಲಿ ಟ್ಯೂಬ್ಯುಲರ್, ಫ್ಲಾಟ್, ಎಸ್ಎಂಎಫ್ ಎಂದು ಆಯ್ಕೆಯ ಗುಂಡಿಯಿದ್ದರೆ ಅದು ಟ್ಯೂಬ್ಯುಲರ್ ಕಡೆಗೇ ಇದೆಯೇ ಎಂದು ನೋಡಬೇಕು. ಬೇರೆ ಕಡೆಗಿದ್ದರೆ ಚಾರ್ಜಿನ ವೋಲ್ಟೇಜ್ ಕಡಿಮೆಯಾಗಿ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ.

ಲಿಥಿಯಂ ಬ್ಯಾಟರಿಯ ಬಗ್ಗೆ ಈಗ ಎಲ್ಲರೂ ಕೇಳುತ್ತಿರುವುದು ಸಹಜ. ಮನೆಯ ಇನ್ವರ್ಟರ್‌ಗಳಿಗೆ ಬರುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು. 12.8 ವೋಲ್ಟ್, 100 ಎಎಚ್‌ನ ಪೆಟ್ಟಿಗೆಯಲ್ಲಿ 1,280 ವಾಟ್-ಅವರ್ ಇರುತ್ತದೆ. ವೇಗವಾಗಿ ಎಳೆದರೂ ಅದು ಕುಗ್ಗದ ಕಾರಣ, ಮೇಲಿನ ಮನೆಗೆ ಅದು ಕೊಡುವ ಬ್ಯಾಕಪ್ 150 ಎಎಚ್ ಟ್ಯೂಬ್ಯುಲರ್ ಕೊಡುವುದಕ್ಕೆ ಹತ್ತಿರವೇ ಬರುತ್ತದೆ. ಅರೆ ಚಾರ್ಜಿನಲ್ಲಿ ಇದ್ದರೂ ಅದಕ್ಕೆ ಹಾನಿಯಿಲ್ಲ, ನೀರು ಹಾಕಬೇಕಿಲ್ಲ, ಬೇಗ ತುಂಬುತ್ತದೆ. ಹೀಗೆ ನೋಡಿದರೆ ಇದು ಒಪ್ಪುವುದು ತೀರ್ಥಹಳ್ಳಿಯ ಮನೆಗೇ, ಬೆಂಗಳೂರಿನ ಫ್ಲಾಟಿಗಲ್ಲ. ತಿಂಗಳಿಗೆ ನಾಲ್ಕು ಸಲ ಕರೆಂಟ್ ಹೋಗುವಲ್ಲಿ ಸಾವಿರಾರು ಸಲ ಖಾಲಿಯಾಗಿ ತುಂಬಬಲ್ಲ ಶಕ್ತಿಗೆ ಹಣ ಕೊಟ್ಟು ಪ್ರಯೋಜನವಿಲ್ಲ. ಬೆಲೆ ಮಾತ್ರ ಟ್ಯೂಬ್ಯುಲರ್‌ಗಿಂತ ಸಾಕಷ್ಟು ಹೆಚ್ಚು, ಹಲವು ಕಡೆ ಎರಡು ಪಟ್ಟಿಗೆ ಹತ್ತಿರ. ಅದರ ವಾರಂಟಿಯನ್ನು ಓದುವಾಗ ಎರಡು ಸಾಲುಗಳನ್ನು ಹುಡುಕಬೇಕು. ಇಷ್ಟು ವರ್ಷದ ಕೊನೆಗೆ ಇಷ್ಟು ಶೇಕಡಾ ಸಾಮರ್ಥ್ಯ ಉಳಿದಿರುತ್ತದೆ ಎಂದು ಬರೆದಿದೆಯೇ ಎಂಬುದು ಒಂದು. ಒಳಗಿನ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಫಲಕವಾದ ಬಿಎಂಎಸ್ ಕೂಡ ವಾರಂಟಿಯಲ್ಲಿ ಸೇರಿದೆಯೇ, ಅದು ಕೆಟ್ಟರೆ ದುರಸ್ತಿ ಊರಿನ ಹತ್ತಿರ ಆಗುತ್ತದೆಯೇ ಎಂಬುದು ಇನ್ನೊಂದು. ಸೆಲ್‌ಗಳು ಗಟ್ಟಿಯಾಗಿದ್ದರೂ ಆ ಫಲಕ ಸುಟ್ಟರೆ ಬ್ಯಾಟರಿಯಿಂದ ಒಂದು ದೀಪವೂ ಉರಿಯುವುದಿಲ್ಲ. ಹಾಗೆ ನಿಂತುಹೋದ ಲಿಥಿಯಂ ಪೆಟ್ಟಿಗೆಗೆ, ಹಳೆಯ ಸೀಸದ ಬ್ಯಾಟರಿಗೆ ಸಿಗುವಂಥ ವಿನಿಮಯ ಬೆಲೆ ಸದ್ಯಕ್ಕೆ ಅಂಗಡಿಗಳಲ್ಲಿ ಸಿಗುತ್ತಿಲ್ಲ. ವರ್ಷದ ಖರ್ಚಿನ ಲೆಕ್ಕದಲ್ಲಿ ಆ ನಾಲ್ಕೈದು ಸಾವಿರವನ್ನೂ ಟ್ಯೂಬ್ಯುಲರ್ ಪಾಲಿಗೆ ಬರೆದುಕೊಂಡೇ ಎರಡನ್ನೂ ಹೋಲಿಸಬೇಕಾಗುತ್ತದೆ.